ಶಾಂತವಾಗಿ ಏರುವ ಭಜನೆಗೆ ತಾಳ, ಕಾಲ, ವಾದ್ಯ: ಯಾವುದನ್ನು ಯಾವಾಗ ಆರಿಸಬೇಕು

ಭಜನೆಯ ಧಾಟಿಯ ಹೊಸ ಹಾಡೊಂದಕ್ಕೆ ರಾಗ ಹೊಂದಿಸುವ ಹೊತ್ತಿಗೆ ತಾಳ ಯಾವುದು, ವೇಗ ಎಷ್ಟು, ಯಾವ ವಾದ್ಯ ಎಂಬ ಮೂರು ಪ್ರಶ್ನೆಗಳು ಒಟ್ಟಿಗೆ ಎದುರಾಗುತ್ತವೆ. ಬಹಳಷ್ಟು ಕಡೆ ಇವುಗಳಿಗೆ ಉತ್ತರ ಸಿಗುವುದು ಕೊನೆಯಿಂದ ಮೊದಲಿಗೆ: ಪರಿಚಯದ ತಬಲಾ ವಾದಕರೊಬ್ಬರು ಒಪ್ಪಿಕೊಂಡಿರುತ್ತಾರೆ, ಅವರ ಕೈಗೆ ಒಗ್ಗಿದ ಠೇಕಾ, ಅಂದರೆ ಮರಳಿ ಮರಳಿ ನುಡಿಸುವ ಪೆಟ್ಟುಗಳ ಸಿದ್ಧ ವಿನ್ಯಾಸ, ತಾಳವಾಗುತ್ತದೆ, ಆ ಠೇಕಾ ಚೆನ್ನಾಗಿ ಕೇಳಿಸುವ ವೇಗವೇ ಹಾಡಿನ ವೇಗವಾಗುತ್ತದೆ, ಸಾಹಿತ್ಯ ಮಾತ್ರ ತನ್ನ ಅಕ್ಷರಗಳನ್ನು ಎಳೆದೋ ಕುಗ್ಗಿಸಿಯೋ ಇವೆಲ್ಲದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಈ ಬರಹದಲ್ಲಿ ಕ್ರಮವನ್ನು ಹಿಂದುಮುಂದು ಮಾಡಿ, ಸಾಹಿತ್ಯದಿಂದ ತಾಳಕ್ಕೆ, ತಾಳದಿಂದ ಕಾಲಕ್ಕೆ, ಅಂದರೆ ವೇಗಕ್ಕೆ, ಕಾಲದಿಂದ ವಾದ್ಯಕ್ಕೆ ಹೋಗಲಾಗಿದೆ.

ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಒಂದು ನಿರ್ದಿಷ್ಟ ಬಗೆಯ ಹಾಡನ್ನು. ಒಬ್ಬರು ಸಾಲನ್ನು ಹೇಳಿಕೊಡುತ್ತಾರೆ, ಹತ್ತು ಹದಿನೈದು ಜನ ಅದನ್ನೇ ತಿರುಗಿ ಹಾಡುತ್ತಾರೆ. ಒಂದು ಪಲ್ಲವಿ, ಮೂರು ಚರಣ. ಸುಮಾರು ಐದು ನಿಮಿಷದ ಅವಧಿ. ಹಾಡು ಬಹುತೇಕ ಮೌನದಿಂದ ಆರಂಭವಾಗಿ, ಕೊನೆಗೆ ತುಂಬಿಕೊಂಡು ಕೇಳಿಸಬೇಕು, ಆದರೆ ಎಲ್ಲಿಯೂ ಅವಸರವೆನಿಸಬಾರದು. ಈ ಕೊನೆಯ ಷರತ್ತೇ ಆಯ್ಕೆಗಳನ್ನು ನಿರ್ಧರಿಸುತ್ತದೆ. ಏರಿಕೆಯನ್ನು ವೇಗದಿಂದ ತರುವ ರೂಢಿ ನಮ್ಮ ಭಜನಾ ಮಂಡಳಿಗಳಲ್ಲಿ ಬಲವಾಗಿದೆ. ಕೊನೆಯ ನಾಮಸ್ಮರಣೆಗೆ ಅದು ಒಪ್ಪುತ್ತದೆ ಕೂಡ. ಶಾಂತವಾಗಿ ಏರಬೇಕಾದ ಹಾಡಿನಲ್ಲಿ ಮಾತ್ರ ವೇಗವನ್ನು ಬಹುತೇಕ ಹಾಗೆಯೇ ಉಳಿಸಿ, ಒಂದು ಎಣಿಕೆಯೊಳಗೆ ಬೀಳುವ ಪೆಟ್ಟುಗಳನ್ನು ಹಂತಹಂತವಾಗಿ ಹೆಚ್ಚಿಸುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ತಾಳ, ಕಾಲ, ವಾದ್ಯ ಮೂರನ್ನೂ ಆ ಹೆಚ್ಚಳಕ್ಕೆ ಜಾಗ ಉಳಿಯುವಂತೆ ಆರಿಸಬೇಕಾಗುತ್ತದೆ.

ಮುಂದಿನ ಬರಹದಲ್ಲಿ ಗೊಂದಲವಾಗದಿರಲೆಂದು, ಛಂದಸ್ಸಿನ ಅಳತೆಯನ್ನು ಮಾತ್ರೆ ಎಂದೂ ತಾಳದ ಅಳತೆಯನ್ನು ಎಣಿಕೆ ಎಂದೂ ಕರೆದಿದ್ದೇನೆ.

ಮೊದಲು ಸಾಲಿನ ಮಾತ್ರೆ

ಶಾಲೆಯಲ್ಲಿ ಕಲಿತ ಲಘು, ಗುರುಗಳ ಲೆಕ್ಕ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹ್ರಸ್ವಾಕ್ಷರ ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರವುಳ್ಳ ಅಕ್ಷರ ಮತ್ತು ಒತ್ತಕ್ಷರದ ಹಿಂದಿನ ಅಕ್ಷರ ಎರಡು ಮಾತ್ರೆ. ಷಟ್ಪದಿಗಳಲ್ಲಿ ಶರ ಮತ್ತು ಪರಿವರ್ಧಿನಿ ನಾಲ್ಕು ಮಾತ್ರೆಯ ಗಣಗಳ ಮೇಲೂ, ಭೋಗ ಮೂರರ ಮೇಲೂ, ಕುಸುಮ ಮತ್ತು ವಾರ್ಧಕ ಐದರ ಮೇಲೂ, ಭಾಮಿನಿ ಮೂರು ಮತ್ತು ನಾಲ್ಕರ ಜೋಡಿಯ ಮೇಲೂ ನಡೆಯುತ್ತವೆ. ಭಜನೆಯ ಸಾಹಿತ್ಯ ಷಟ್ಪದಿಯಷ್ಟು ಕಟ್ಟುನಿಟ್ಟಾಗಿರಬೇಕೆಂದಿಲ್ಲ, ಆದರೂ ಈ ನಾಲ್ಕು ನಡೆಗಳಲ್ಲಿ ಒಂದು ಅದರೊಳಗೆ ಸಾಮಾನ್ಯವಾಗಿ ಕೆಲಸ ಮಾಡುತ್ತಿರುತ್ತದೆ.

ಉದಾಹರಣೆಗೆಂದೇ ಬರೆದ ಮೂರು ಸಾಲುಗಳನ್ನು ನೋಡಬಹುದು.

ಬಾರಯ್ | ಯಾ ಮನೆ | ಬೆಳಕಾ | ಗಿ – – –
ದೀಪ | ಹಚ್ಚಿ | ಕಾದು | ಕುಳಿತೆ
ನೀನೆ | ಬೆಳಕೆಂ | ದೆನಲು | ಬಂದೆನು

ಮೊದಲನೆಯದು ನಾಲ್ಕು ಮಾತ್ರೆಯ ಗಣಗಳ ಸಾಲು. ಕೊನೆಯ 'ಗಿ' ಒಂದೇ ಮಾತ್ರೆಯದಾದರೂ ಅದನ್ನು ನಾಲ್ಕರವರೆಗೆ ಹಿಡಿದರೆ ಒಟ್ಟು 16 ಮಾತ್ರೆಯಾಗುತ್ತದೆ. ಎರಡನೆಯದು ಮೂರರ ಗಣಗಳು, ಒಟ್ಟು 12. ಮೂರನೆಯದು ಭಾಮಿನಿಯ ನಡೆ, ಮೂರು–ನಾಲ್ಕು–ಮೂರು–ನಾಲ್ಕು, ಒಟ್ಟು 14. ಮೊದಲನೆಯದಕ್ಕೆ ಎಂಟು ಎಣಿಕೆಯ ತಾಳಗಳೂ (ಆದಿ, ಕೆಹರವಾ, ಭಜನಿ ಠೇಕಾ), ಎರಡನೆಯದಕ್ಕೆ ಆರು ಎಣಿಕೆಯ ದಾದರಾ ಅಥವಾ ತಿಶ್ರ ನಡೆಯೂ, ಮೂರನೆಯದಕ್ಕೆ ಏಳು ಎಣಿಕೆಯ ಮಿಶ್ರ ಛಾಪು ಅಥವಾ ಹಿಂದೂಸ್ತಾನಿ ರೂಪಕವೂ ಸಹಜವಾಗಿ ಹೊಂದುತ್ತವೆ. ಐದರ ನಡೆಯ ಸಾಹಿತ್ಯಕ್ಕೆ ಖಂಡ ಛಾಪು ಇದೆ. ಅದರ ಎರಡು–ಮೂರರ ಕುಪ್ಪಳಿಕೆ ಸೊಗಸಾದರೂ ಶಾಂತವಾಗಿ ಏರುವ ಹಾಡಿಗೆ ಅದು ಒಲ್ಲದ ತಾಳವೆಂದು ಇಲ್ಲಿ ಕೈಬಿಟ್ಟಿದ್ದೇನೆ.

ಹೊಂದದ ತಾಳವನ್ನು ಬಲವಂತವಾಗಿ ಹೊಂದಿಸಿದರೆ ಏನಾಗುತ್ತದೆ ಎಂಬುದು ಮೂರನೆಯ ಸಾಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಎಂಟರ ತಾಳಕ್ಕೆ ತರಬೇಕಾದರೆ ಪ್ರತಿ ಮೂರರ ಗಣಕ್ಕೆ ಒಂದು ಮಾತ್ರೆ ಸೇರಿಸಬೇಕು. 'ನೀನೆ' ಎಂಬುದು 'ನೀನೇ' ಆಗುತ್ತದೆ, ಅದನ್ನು ಒಪ್ಪಬಹುದು. ಆದರೆ 'ಎನಲು' ಎಂಬುದು 'ಎನಲೂ' ಆದೊಡನೆ 'ಎನ್ನಲು ಬಂದೆ' ಎಂಬ ಅರ್ಥ ಕೆಟ್ಟು 'ಎನ್ನುವುದಕ್ಕೂ ಬಂದೆ' ಎಂಬ ಛಾಯೆ ಬರುತ್ತದೆ. ಹಾಡುವವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅವರಿಗೆ ಸಾಹಿತ್ಯ ಬಾಯಿಪಾಠವಾಗಿರುತ್ತದೆ. ಮೊದಲ ಬಾರಿಗೆ ಕೇಳುವವರಿಂದ ಸಾಲನ್ನು ಬರೆಸಿ ನೋಡಿದರೆ ದೀರ್ಘವಾದ ಅಕ್ಷರಗಳು ಕಾಗದದ ಮೇಲೆ ಹಾಗೆಯೇ ಮೂಡುತ್ತವೆ. ಪಲ್ಲವಿ ಒಂದು ನಡೆಯಲ್ಲಿದ್ದು ಚರಣಗಳು ಇನ್ನೊಂದರಲ್ಲಿದ್ದರೆ ಚರಣಗಳ ನಡೆಗೇ ತಾಳ ಕೊಡಬೇಕು. ಪಲ್ಲವಿಯ ಎರಡು ಸಾಲನ್ನು ತಿದ್ದುವುದು ಚರಣದ ಹನ್ನೆರಡು ಸಾಲನ್ನು ಎಳೆಯುವುದಕ್ಕಿಂತ ಸುಲಭ.

ಎಂಟರ ಆವರ್ತದೊಳಗೆ ಮೂರು ದಾರಿ

ಸಾಮೂಹಿಕವಾಗಿ ಹಾಡುವ ಭಜನೆಗಳಲ್ಲಿ ಹೆಚ್ಚಿನವು ಎಂಟರಲ್ಲೇ ಬರುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಆದಿ, ಕೆಹರವಾ, ಭಜನಿ ಮೂರರಲ್ಲೂ ಆವರ್ತ, ಅಂದರೆ ತಾಳದ ಒಂದು ಪೂರ್ತಿ ಸುತ್ತು, ಎಂಟು ಎಣಿಕೆಯದೇ. ವ್ಯತ್ಯಾಸವಿರುವುದು ಭಾರ ಎಲ್ಲಿ ಬೀಳುತ್ತದೆ ಎಂಬುದರಲ್ಲಿ.

ಆದಿ ತಾಳದಲ್ಲಿ ನಾಲ್ಕು, ಎರಡು, ಎರಡು ಎಂದು ಅಂಗಗಳು ಬರುತ್ತವೆ. ಒಂದು, ಐದು, ಏಳನೆಯ ಎಣಿಕೆಗಳಲ್ಲಿ ಘಾತ. ಆದರೆ ಮೃದಂಗದಲ್ಲಿ ಆದಿ ತಾಳಕ್ಕೆಂದು ಆವರ್ತದಿಂದ ಆವರ್ತಕ್ಕೆ ಮರಳುವ ಕಡ್ಡಾಯದ ಠೇಕಾ ಇಲ್ಲ. ವಾದಕರು ಸರ್ವಲಘುವಿನ, ಅಂದರೆ ಸರಳವಾಗಿ ಹರಿಯುವ ಲಯದ, ನಡೆಯೊಂದನ್ನು ಹಿಡಿದು, ಹಾಡಿನ ಸಂಗತಿಗೆ ತಕ್ಕಂತೆ ಅದನ್ನು ಬದಲಿಸುತ್ತ ಹೋಗುತ್ತಾರೆ. ಸಾಹಿತ್ಯದ ಪ್ರತಿ ತಿರುವಿಗೂ ವಾದ್ಯ ಸ್ಪಂದಿಸಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಹಾಡನ್ನು ಮೊದಲೇ ಬಲ್ಲ, ತಾಳ ಹಾಕಿಕೊಂಡೇ ಹಾಡಬಲ್ಲ ಮೇಳ ಜೊತೆಗಿರಬೇಕು. ತಾಳಜ್ಞಾನ ಕಡಿಮೆಯಿರುವ ಗುಂಪಿಗೆ ಠೇಕಾದ ಆಸರೆ ಬೇಕಾಗುತ್ತದೆ.

ಕೆಹರವಾದ ಠೇಕಾ ಹೀಗಿದೆ: ಧಾ ಗೆ ನಾ ತಿ | ನಾ ಕೆ ಧಿಂ ನಾ. ಎಣಿಕೆಗೊಂದು ಪೆಟ್ಟು, ನಡುವೆ ಬಿಡುವಿಲ್ಲ. ಇದನ್ನು ನಿಧಾನವಾಗಿ, ಇಡೀ 16 ಮಾತ್ರೆಯ ಸಾಲಿಗೆ ಒಂದೇ ಆವರ್ತ ಬರುವಂತೆ ನುಡಿಸಿದರೆ ಎರಡು ಮಾತ್ರೆಗೊಂದು ಪೆಟ್ಟು ಬಿದ್ದು ಹಾಡು ಸಮಾಧಾನವಾಗಿ ನಡೆಯುತ್ತದೆ. ಅದೇ ಸಾಲಿಗೆ ಎರಡು ಆವರ್ತ ಬರುವಂತೆ ನುಡಿಸಿದರೆ ಪ್ರತಿ ಮಾತ್ರೆಗೂ ಪೆಟ್ಟು ಬೀಳುತ್ತದೆ. ಆಗ ವೇಗ ಬದಲಾಗದಿದ್ದರೂ ಹಾಡು ಚುರುಕಾದಂತೆ ಕೇಳಿಸುತ್ತದೆ. ಒಂದೇ ತಾಳದ ಈ ಎರಡು ರೂಪಗಳು ನಮ್ಮ ಹಾಡಿನ ಆರಂಭಕ್ಕೂ ಅಂತ್ಯಕ್ಕೂ ಒದಗುತ್ತವೆ.

ಇವೆರಡರ ನಡುವೆ ಭಜನಿ ಠೇಕಾಕ್ಕೆ ಜಾಗವಿದೆ.

ಧಿಂ – ನಾ ಧಿಂ | – ಧಿಂ ನಾ – | ತಿಂ – ನಾ ತಿಂ | – ತಿಂ ನಾ –

ಇಲ್ಲಿ ಬರೆದ ಪ್ರತಿ ಸ್ಥಾನವೂ ಅರ್ಧ ಎಣಿಕೆ, ಅಂದರೆ ನಮ್ಮ ಸಾಲಿನ ಒಂದು ಮಾತ್ರೆ. 'ಬಾರಯ್ಯಾ ಮನೆ' ಎಂಬ ಎಂಟು ಮಾತ್ರೆಗಳು ಮೊದಲ ಅರ್ಧದಲ್ಲೂ 'ಬೆಳಕಾಗಿ' ಎರಡನೆಯ ಅರ್ಧದಲ್ಲೂ ಕೂರುತ್ತವೆ. ತಬಲಾದ ಎಡಗೈಯ ಡಗ್ಗದ ನಾದವಿರುವ 'ಧಿಂ' ಬರುವುದು ಮೊದಲ, ನಾಲ್ಕನೆಯ ಮತ್ತು ಆರನೆಯ ಸ್ಥಾನದಲ್ಲಿ. ಅಕ್ಷರಗಳು ಹುಟ್ಟುವುದಾದರೋ ಒಂದು (ಬಾ), ಮೂರು (ರಯ್), ಐದು (ಯಾ), ಏಳು (ಮ), ಎಂಟರಲ್ಲಿ (ನೆ). ಆವರ್ತದ ಮೊದಲ ಎಣಿಕೆಯಾದ ಸಮವೊಂದನ್ನು ಬಿಟ್ಟರೆ ಡಗ್ಗದ ಪೆಟ್ಟು ಅಕ್ಷರದ ಮೇಲೆ ಬೀಳದೆ, ಹಿಡಿದ ದೀರ್ಘದ ನಡುವೆ ಬೀಳುತ್ತದೆ. ಆದ್ದರಿಂದ ಈ ಠೇಕಾ ಎಷ್ಟು ಗಟ್ಟಿಯಾಗಿ ನುಡಿದರೂ ಮಾತನ್ನು ಮುಚ್ಚುವುದಿಲ್ಲ, ಜೊತೆಗೆ ದೀರ್ಘಾಕ್ಷರಕ್ಕೆ ಒಳಗಿನಿಂದ ಒಂದು ತಳ್ಳು ಕೊಡುತ್ತದೆ. ಎರಡನೆಯ ಅರ್ಧದಲ್ಲಿ 'ತಿಂ' ಬರುವುದರಿಂದ ಸಾಮಾನ್ಯವಾಗಿ ಡಗ್ಗ ಮೌನವಾಗಿರುತ್ತದೆ. ಆ ಖಾಲಿಯ ಭಾಗವೇ ಗುಂಪಿಗೆ ತಾನು ಆವರ್ತದ ಎಲ್ಲಿದ್ದೇನೆ, ಮುಂದಿನ ಸಮ ಎಷ್ಟು ಹತ್ತಿರವಿದೆ ಎಂಬುದನ್ನು ಹೇಳಿಕೊಡುತ್ತದೆ.

ದೀರ್ಘಗಳು ಹೆಚ್ಚಿರುವ ಸಾಹಿತ್ಯದಲ್ಲಿ ಭಜನಿ ಠೇಕಾ ಬೆಳಗುವುದು ಇದೇ ಕಾರಣಕ್ಕೆ. ಹ್ರಸ್ವಾಕ್ಷರಗಳೇ ಸಾಲುಗಟ್ಟಿದ್ದರೆ ಪ್ರತಿ ಮಾತ್ರೆಯಲ್ಲೂ ಅಕ್ಷರವಿರುವುದರಿಂದ ಡಗ್ಗಕ್ಕೆ ನುಸುಳಲು ಎಡೆಯಿರುವುದಿಲ್ಲ. ಅಂಥ ಹಾಡಿಗೆ ನಿಧಾನದ ಕೆಹರವಾ ಸಾಕು.

ಹಾಡು ಎಲ್ಲಿಂದ ಏಳಬೇಕು ಎಂಬುದನ್ನೂ ಇಲ್ಲಿಯೇ ತೀರ್ಮಾನಿಸಬೇಕು. ಸಮದಲ್ಲೇ ಎತ್ತಿಕೊಂಡರೆ ಗುಂಪಿಗೆ ಸುಲಭ. ಸಮವಾದ ಮೇಲೆ ಅರ್ಧ ಅಥವಾ ಒಂದು ಎಣಿಕೆ ಬಿಟ್ಟು ಎತ್ತಿಕೊಳ್ಳುವ ಅನಾಗತ ಎಡುಪಿನಲ್ಲಿ ಸಾಲಿಗೆ ಒಂದು ವಿನಯ ಬರುತ್ತದೆ, ಏಕೆಂದರೆ ವಾದ್ಯ ಮೊದಲು ನುಡಿದು ದನಿ ಅದರ ಹಿಂದೆ ಬರುತ್ತದೆ. ಆದರೆ ತಬಲಾ ಇಲ್ಲದೆ ಆರಂಭವಾಗುವ ಹಾಡಿನಲ್ಲಿ ಖಾಲಿ ಸಮವನ್ನು ಹದಿನೈದು ಜನ ಒಟ್ಟಾಗಿ ಊಹಿಸಬೇಕಾಗುತ್ತದೆ, ಅದು ಸಾಮಾನ್ಯವಾಗಿ ಚದುರುತ್ತದೆ. ನಮ್ಮ ಬಗೆಯ ಹಾಡಿಗೆ ಸಮದ ಎತ್ತುಗಡೆಯೇ ಕ್ಷೇಮ.

ಆರು ಮತ್ತು ಏಳು

ದಾದರಾ (ಧಾ ಧಿಂ ನಾ | ಧಾ ತಿಂ ನಾ) ತೂಗುವ ತಾಳ. ಕಾಯುವಿಕೆ, ಮಗುವಾಗಿ ಬಂದ ದೇವರು, ತಾಯಿಯ ವಾತ್ಸಲ್ಯ ಇಂಥ ವಸ್ತುವಿಗೆ ಅದು ತಾನಾಗಿಯೇ ಒಪ್ಪುತ್ತದೆ. ಏರಿಕೆಯ ವಿಷಯದಲ್ಲಿ ಅದಕ್ಕೊಂದು ಮಿತಿಯಿದೆ. ನಿಧಾನದಲ್ಲಿ ಅದು ಜೋಗುಳದ ಕಡೆಗೂ ವೇಗದಲ್ಲಿ ಹಗುರವಾದ ಭಾವಗೀತೆಯ ಕಡೆಗೂ ವಾಲುತ್ತದೆ; ನಡುವಿನ ಗಂಭೀರ ಪಟ್ಟಿ ಕಿರಿದು. ಮೂರರ ನಡೆಯನ್ನು ದುಗುಣ, ಅಂದರೆ ಇಮ್ಮಡಿ, ಮಾಡಿದೊಡನೆ ಡೋಲಕ್ಕಿನ ಕುಣಿತ ಬಂದುಬಿಡುತ್ತದೆ. ಆದ್ದರಿಂದ ದಾದರಾದಲ್ಲಿ ಏರಿಕೆಯನ್ನು ಪೆಟ್ಟುಗಳಿಂದಲ್ಲದೆ ದನಿಗಳಿಂದ ತರುವುದು ಮೇಲು: ಮೊದಲ ಚರಣ ಒಬ್ಬರದೇ ದನಿ, ಎರಡನೆಯದಕ್ಕೆ ಹೆಂಗಸರ ದನಿ, ಮೂರನೆಯದಕ್ಕೆ ಎಲ್ಲರೂ. ಠೇಕಾ ಮೊದಲಿನಿಂದ ಕೊನೆಯವರೆಗೆ ಹಾಗೆಯೇ ಉಳಿಯಬಹುದು.

ಏಳರ ತಾಳಗಳಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಹಿಂದೂಸ್ತಾನಿ ರೂಪಕದ ಠೇಕಾ ತಿಂ ತಿಂ ನಾ | ಧಿಂ ನಾ | ಧಿಂ ನಾ. ಇದರ ಸಮವೇ ಖಾಲಿ, ಡಗ್ಗ ಎಚ್ಚರವಾಗುವುದು ನಾಲ್ಕನೆಯ ಎಣಿಕೆಯಲ್ಲಿ. ಹಾಗಾಗಿ ಸಾಲಿನ ಆರಂಭ ಯಾವಾಗಲೂ ಬಯಲಿನಲ್ಲಿರುವಂತೆ ಕೇಳಿಸಿ, ಶಾಂತಿಯ ಭಾವ ಪ್ರಯತ್ನವಿಲ್ಲದೆ ದೊರೆಯುತ್ತದೆ. ಮಿಶ್ರ ಛಾಪುವಿನಲ್ಲಿ ವಿಭಜನೆ ಇದೇ ಆದರೂ ಸಮ ಖಾಲಿಯಲ್ಲದ ಕಾರಣ ನಡೆ ಹೆಚ್ಚು ದೃಢ. ಭಾಮಿನಿಯ ನಡೆಯ ಸಾಹಿತ್ಯಕ್ಕೆ ಇವೆರಡೂ ಮೈಗೆ ಅಳೆದು ಹೊಲಿದಂತೆ ಕೂರುತ್ತವೆ. ತೊಂದರೆಯಿರುವುದು ಕೇಳುಗರ ಕೈಯಲ್ಲಿ: ಏಳಕ್ಕೆ ಚಪ್ಪಾಳೆ ತಟ್ಟಲು ಒಂದು, ನಾಲ್ಕು, ಆರನೆಯ ಎಣಿಕೆಗಳನ್ನು ಹಿಡಿಯಬೇಕು, ಅಭ್ಯಾಸವಿಲ್ಲದವರು ಸಮದೂರದಲ್ಲಿ ತಟ್ಟಿ, ಮೂರನೆಯ ಆವರ್ತದೊಳಗೆ ಹಾಡನ್ನು ಎಂಟಕ್ಕೆ ಎಳೆದು ತಂದಿರುತ್ತಾರೆ. ಚಪ್ಪಾಳೆ ಬೇಕೆಂದಿದ್ದರೆ ಏಳನ್ನು ಬಿಡಿ. ಕೇಳುಗರು ಸುಮ್ಮನೆ ಕುಳಿತು ಕೇಳುವ ಹಾಡಾದರೆ ಏಳಕ್ಕಿಂತ ಒಳ್ಳೆಯ ಆಯ್ಕೆ ನನಗೆ ಕಾಣದು.

ಕಾಲ: ಯಂತ್ರದ ಅಂಕಿಗಿಂತ ಸಾಲಿನ ಸೆಕೆಂಡು

ಮೆಟ್ರೋನೋಮ್ ಅಥವಾ ತಬಲಾ ಯಂತ್ರದ ಅಂಕಿಯನ್ನು ಒಂದು ಹಾಡಿನಿಂದ ಇನ್ನೊಂದಕ್ಕೆ ಹಾಗೆಯೇ ಒಯ್ಯಲಾಗದು. ನಮ್ಮ ಮೂರು ಉದಾಹರಣೆಗಳನ್ನೇ ತೆಗೆದುಕೊಳ್ಳಿ. ಮೊದಲ ಸಾಲನ್ನು ಎಂಟು ಎಣಿಕೆಯಲ್ಲಿ, ನಿಮಿಷಕ್ಕೆ 72 ಎಣಿಕೆಯಂತೆ ಹಾಡಿದರೆ ಅದು ಸುಮಾರು 6.7 ಸೆಕೆಂಡು ಹಿಡಿಯುತ್ತದೆ. ದಾದರಾದ ಸಾಲಿಗೆ ಮಾತ್ರೆಗೊಂದು ಎಣಿಕೆಯಂತೆ ಎರಡು ಆವರ್ತ, ಅಂದರೆ 12 ಎಣಿಕೆ ಬೇಕು. ಅದು ಅಷ್ಟೇ ಸಮಯದಲ್ಲಿ ಮುಗಿಯಬೇಕಾದರೆ ಯಂತ್ರ 108 ತೋರಿಸುತ್ತದೆ. ಏಳರ ಸಾಲಿಗೆ 14 ಎಣಿಕೆ, ಯಂತ್ರದಲ್ಲಿ 126. ಅಂಕಿಗಳು ಇಷ್ಟು ದೂರವಿದ್ದರೂ ಮೂರೂ ಸಾಲುಗಳಿಗೆ ಬೇಕಾಗುವ ಉಸಿರು ಒಂದೇ. ಕೆಲವು ಯಂತ್ರಗಳು ಅರ್ಧ ಎಣಿಕೆಯನ್ನೇ ಒಂದೆಂದು ಲೆಕ್ಕ ಹಾಕಿ 72ರ ಬದಲು 144 ತೋರಿಸುವುದೂ ಉಂಟು.

ಆದ್ದರಿಂದ ನಿರ್ಧರಿಸಬೇಕಾದುದು ಒಂದು ಸಾಲಿಗೆ ಎಷ್ಟು ಸೆಕೆಂಡು ಎಂಬುದನ್ನು. ಸಂಗೀತಾಭ್ಯಾಸವಿಲ್ಲದವರೂ ಇರುವ ಗುಂಪಿಗೆ ಆರರಿಂದ ಏಳು ಸೆಕೆಂಡಿನ ಸಾಲು ಒಂದೇ ಉಸಿರಿನಲ್ಲಿ ಸುಲಭವಾಗಿ ದಕ್ಕುತ್ತದೆ. ಎಂಟು ಸೆಕೆಂಡು ದಾಟಿದರೆ, ಅಂದರೆ ಎಂಟರ ತಾಳದಲ್ಲಿ 60ಕ್ಕಿಂತ ಕೆಳಗಿಳಿದರೆ, ಪದದ ನಡುವೆ ಉಸಿರು ಕಡಿಯಲಾರಂಭಿಸುತ್ತದೆ. 'ಬೆಳಕಾ' ಎಂದು ನಿಂತು 'ಗಿ' ಎಂದು ಕೆಲವರು, ಇಡೀ ಪದವನ್ನು ಹಿಡಿದು ಕೆಲವರು ಹಾಡುವುದು ಅದರ ಗುರುತು. ಐದು ಸೆಕೆಂಡಿಗೆ ಇಳಿದರೆ ಉಸಿರಿನ ತೊಂದರೆಯಿಲ್ಲ, ಆದರೆ 'ಗಿ'ಯ ನಾಲ್ಕು ಮಾತ್ರೆಗಳ ವಿರಾಮ ಕೇಳಿಸುವುದಿಲ್ಲ. ಶಾಂತಿ ಇರುವುದೇ ಆ ವಿರಾಮದಲ್ಲಿ.

ಸಹಜವಾದ ಕಾಲವನ್ನು ಹುಡುಕಲು ವಾದ್ಯವಿಲ್ಲದೆ ಪಲ್ಲವಿಯ ಮೊದಲ ಸಾಲನ್ನು ನಾಲ್ಕು ಬಾರಿ ಹಾಡಿ, ಫೋನಿನ ಗಡಿಯಾರದಲ್ಲಿ ಅಳೆಯಿರಿ. ನಾಲ್ಕು ಆವರ್ತಕ್ಕೆ 32 ಎಣಿಕೆ. 27 ಸೆಕೆಂಡು ಹಿಡಿದರೆ ನಿಮಿಷಕ್ಕೆ ಸುಮಾರು 71. ಇಲ್ಲಿಗೆ ನಿಲ್ಲಿಸದೆ ಮೂರೂ ಚರಣಗಳಲ್ಲಿ ಅತಿ ಹೆಚ್ಚು ಅಕ್ಷರಗಳಿರುವ, ಒತ್ತಕ್ಷರಗಳು ದಟ್ಟವಾಗಿರುವ ಸಾಲನ್ನು ಹುಡುಕಿ, ಅದನ್ನು ಗುಂಪಿನಿಂದ ಹಾಡಿಸಬೇಕು. ಆ ಸಾಲು ಯಾವ ವೇಗದವರೆಗೆ ಸ್ಪಷ್ಟವಾಗಿರುತ್ತದೆಯೋ ಅದೇ ಹಾಡಿನ ಮೇಲ್ಮಿತಿ. ಎಷ್ಟೇ ಎಚ್ಚರ ವಹಿಸಿದರೂ ಜನ ತುಂಬಿದ ಸಭೆಯಲ್ಲಿ ಗುಂಪು ತುಸು ಮುಂದಕ್ಕೆ ತಳ್ಳುತ್ತದೆ. ಮೇಲ್ಮಿತಿ 80 ಆಗಿದ್ದರೆ 72ರಲ್ಲಿ ಎತ್ತಿಕೊಳ್ಳುವುದು ಆ ತಳ್ಳಿಗೆ ಬಿಟ್ಟ ಜಾಗ.

ಹಾಡುವ ಸ್ಥಳವೂ ಕಾಲವನ್ನು ಬದಲಿಸುತ್ತದೆ. ಕಲ್ಲಿನ ನವರಂಗದಲ್ಲಿ ನಾದ ಬಹಳ ಹೊತ್ತು ಉಳಿಯುವುದರಿಂದ ಒಂದು ಪೆಟ್ಟಿನ ಬಾಲದ ಮೇಲೆ ಇನ್ನೊಂದು ಬಿದ್ದು ತಬಲಾದ ಬೋಲುಗಳು ಕಲಸಿಹೋಗುತ್ತವೆ. ಅಲ್ಲಿ ಕಾಲವನ್ನು ಇಳಿಸುವುದಕ್ಕಿಂತ ಪೆಟ್ಟುಗಳನ್ನು ಕಡಿಮೆ ಮಾಡುವುದು ಸರಿಯಾದ ಪರಿಹಾರ, ಏಕೆಂದರೆ ಉಸಿರಿನ ಲೆಕ್ಕ ಅಲ್ಲಿಯೂ ಅದೇ.

ವಾದ್ಯ: ನಾದ ಎಷ್ಟು ಹೊತ್ತು ಉಳಿಯುತ್ತದೆ

ನಿಧಾನದ ಹಾಡಿಗೆ ವಾದ್ಯ ಆರಿಸುವಾಗ ನಾನು ಮೊದಲು ನೋಡುವುದು ಒಂದೇ ಪೆಟ್ಟಿನ ನಾದ ಮುಂದಿನ ಎಣಿಕೆಯವರೆಗೆ ತಲುಪುತ್ತದೆಯೇ ಎಂಬುದನ್ನು. ತಬಲಾದ ಡಗ್ಗ ಮತ್ತು ಮೃದಂಗದ ಎಡಗಡೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಡಗ್ಗದ ಮೇಲೆ ಮಣಿಕಟ್ಟನ್ನು ಒತ್ತಿ ಜಾರಿಸಿದಾಗ ಬರುವ ಗುಂಗು ಎರಡು ಪೆಟ್ಟುಗಳ ನಡುವಿನ ಮೌನವನ್ನು ತುಂಬುತ್ತದೆ. ವಾದಕರು ಹೆಚ್ಚಿನ ಪೆಟ್ಟು ಸೇರಿಸಬೇಕಾಗಿಯೇ ಬರುವುದಿಲ್ಲ. ಡೋಲಕ್ಕಿನ ನಾದ ಗಿಡ್ಡ. 72ರ ಕಾಲದಲ್ಲಿ ಅದು ಬರಿದಾಗಿ ಕೇಳಿಸುವುದರಿಂದ ವಾದಕರು ಅನಿವಾರ್ಯವಾಗಿ ಪೆಟ್ಟು ತುಂಬುತ್ತಾರೆ, ಏರಿಕೆಗೆಂದು ಉಳಿಸಬೇಕಿದ್ದುದು ಮೊದಲ ಚರಣದಲ್ಲೇ ಖರ್ಚಾಗುತ್ತದೆ. ಇದು ಡೋಲಕ್ಕಿನ ದೋಷವಲ್ಲ. ಅದರ ಜಾಗ ಬೇರೆ.

ಪಖವಾಜಿನ ತೆರೆದ ಪೆಟ್ಟು ಎಲ್ಲಕ್ಕಿಂತ ಗಂಭೀರ. ವಾರಕರಿ ಪರಂಪರೆಯ ಅಭಂಗಗಳಲ್ಲಿ ಪಖವಾಜ್ ಮತ್ತು ದೊಡ್ಡ ತಾಳಗಳ ಜೋಡಿ ರೂಢಿಯಲ್ಲಿದೆ. ಆದರೆ ಅದು ಸ್ವಭಾವತಃ ಗಟ್ಟಿಯಾದ ವಾದ್ಯ. ಚಿಕ್ಕ ಸಭೆಯಲ್ಲಿ, ಮೈಕಿಲ್ಲದೆ ಹಾಡುವವರ ಮೊದಲ ಚರಣವನ್ನು ಅದು ನುಂಗಬಹುದು. ಖಂಜಿರ ಒಂಟಿಯಾಗಿ ಸಾಲದು, ಮೃದಂಗದ ಜೊತೆ ಮೂರನೆಯ ಚರಣದಿಂದ ಸೇರಿದರೆ ಚೆಂದ. ತಬಲಾ ಅಥವಾ ಮೃದಂಗವನ್ನು ಹಾಡುಗಾರರ ಷಡ್ಜಕ್ಕೆ ಸೇರಿಸುವುದನ್ನು ಇಂಥ ಹಾಡಿನಲ್ಲಿ ಮರೆಯುವಂತಿಲ್ಲ: ಪೆಟ್ಟುಗಳು ವಿರಳವಾಗಿರುವಲ್ಲಿ ಪ್ರತಿಯೊಂದರ ಶ್ರುತಿಯೂ ಬೇರೆಯಾಗಿ ಕೇಳಿಸುತ್ತದೆ, ತುಸು ಇಳಿದಿದ್ದರೂ ಇಡೀ ಪಲ್ಲವಿ ಅಪಸ್ವರವೆನಿಸುತ್ತದೆ.

ಚರ್ಮವಾದ್ಯಕ್ಕಿಂತ ಹೆಚ್ಚು ಹಾಡನ್ನು ಕೆಡಿಸುವುದು ಕೈತಾಳ. ಕಂಚಿನ ತಾಳದ ಮೊನಚಾದ ನಾದ ಸ, ಶ, ತ, ಚ ಮೊದಲಾದ ವ್ಯಂಜನಗಳು ಕೇಳಿಸುವ ಎತ್ತರದಲ್ಲೇ ಇರುವುದರಿಂದ ಅದು ನೇರವಾಗಿ ಮಾತನ್ನು ಅಳಿಸುತ್ತದೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಒಬ್ಬರನ್ನು ನಿಲ್ಲಿಸಿ, ಕೇಳಿದ ಸಾಲನ್ನು ಹೇಳಿಸಿ. ಸ್ವರ ಸರಿಯಾಗಿ ಹೇಳಿ ಪದ ತಪ್ಪಿದರೆ ತಾಳದ ಸದ್ದು ಹೆಚ್ಚಾಗಿದೆ ಎಂದರ್ಥ. ಬೆರಳಿನಿಂದ ಅಂಚನ್ನು ತಡೆದು ನುಡಿಸುವ ಮುಚ್ಚಿದ ಪೆಟ್ಟು ಆರಂಭಕ್ಕೆ, ತೆರೆದ ಪೆಟ್ಟು ಕೊನೆಗೆ. ಹರಿದಾಸರ ಕೈಯಲ್ಲಿದ್ದ ಚಿಟಿಕೆ ಇದಕ್ಕೆ ಒಳ್ಳೆಯ ಪರ್ಯಾಯ: ಮರದ ಪೆಟ್ಟು ಮುಂದು, ಲೋಹದ ಬಿಲ್ಲೆಗಳ ಸದ್ದು ಹಿಂದು, ಎರಡೂ ಬೇಗ ಮುಗಿಯುತ್ತವೆ. ತಾಳ ಹಿಡಿದವರೇ ಗುಂಪಿನ ವೇಗವನ್ನು ನಿಜವಾಗಿ ನಡೆಸುವವರಾದ್ದರಿಂದ, ಅವರನ್ನು ಎಲ್ಲೋ ಹಿಂದೆ ಕೂರಿಸದೆ ತಬಲಾದ ಪಕ್ಕದಲ್ಲೇ ಕೂರಿಸಬೇಕು.

ಒಂದು ಹಾಡನ್ನು ಹಂಚಿ ನೋಡಿದರೆ

'ಬಾರಯ್ಯಾ ಮನೆ ಬೆಳಕಾಗಿ' ಎಂಬ ಪಲ್ಲವಿಯ ಹಾಡಿಗೆ ಎಂಟರ ಆವರ್ತ, 72ರ ಕಾಲ, ತಬಲಾ, ಒಂದು ಜೊತೆ ಕೈತಾಳ, ಚಿಟಿಕೆ ಎಂದು ತೀರ್ಮಾನಿಸಿದ್ದೇವೆ ಎನ್ನೋಣ. 72ರಲ್ಲಿ ನಿಮಿಷಕ್ಕೆ ಒಂಬತ್ತು ಆವರ್ತ, ಐದು ನಿಮಿಷಕ್ಕೆ 45. ಎರಡು ಸಾಲಿನ ಪಲ್ಲವಿಯನ್ನು ಒಬ್ಬರು, ಬಳಿಕ ಗುಂಪು ಹಾಡಲು ನಾಲ್ಕು ಆವರ್ತ, ನಾಲ್ಕು ಸಾಲಿನ ಚರಣವೊಂದಕ್ಕೆ ಎಂಟು, ಅದರ ಕೊನೆಗೆ ಪಲ್ಲವಿಗೆ ಎರಡು, ಹೀಗೆ ಚರಣಕ್ಕೆ ಹತ್ತರಂತೆ ಮೂವತ್ತು, ಪಲ್ಲವಿಯ ಕೊನೆಯ ಆವರ್ತನೆಗಳಿಗೆ ಎಂಟು, ಮುಕ್ತಾಯಕ್ಕೆ ಮೂರು.

ಮೊದಲ ನಾಲ್ಕು ಆವರ್ತಗಳಲ್ಲಿ ತಬಲಾ ಇರುವುದಿಲ್ಲ. ತಂಬೂರಿ, ಹಾರ್ಮೋನಿಯಂನ ಷಡ್ಜ, ಪ್ರತಿ ಸಮದಲ್ಲಿ ಮುಚ್ಚಿದ ತಾಳದ ಒಂದೇ ಪೆಟ್ಟು, ಇಷ್ಟೇ. ಕಾಲ ಇಲ್ಲಿಯೇ ಸ್ಥಿರವಾಗಬೇಕಾದ್ದರಿಂದ ಪಲ್ಲವಿಯನ್ನು ಆಲಾಪದಂತೆ ಲಯಬಿಟ್ಟು ಹಾಡುವ ಆಸೆಯನ್ನು ತಡೆಯಬೇಕು. ಅಂಥ ಆಲಾಪ ಬೇಕಿದ್ದರೆ ಅದು ಈ ನಾಲ್ಕು ಆವರ್ತಗಳಿಗೆ ಮೊದಲು. ಮೊದಲ ಚರಣಕ್ಕೆ ತಬಲಾ ನಿಧಾನದ ಕೆಹರವಾದಲ್ಲಿ ಸೇರುತ್ತದೆ, ಎಣಿಕೆಗೊಂದು ಪೆಟ್ಟು, ಅಲಂಕಾರವಿಲ್ಲ. ಎರಡನೆಯ ಚರಣದಿಂದ ಭಜನಿ ಠೇಕಾ. ಕೈತಾಳ ಈಗ ಒಂದು ಮತ್ತು ಐದನೆಯ ಎಣಿಕೆಯಲ್ಲಿ. ಈ ಬದಲಾವಣೆಯನ್ನು ಚರಣದ ಆರಂಭಕ್ಕಿಂತ ಒಂದು ಆವರ್ತ ಮೊದಲೇ, ಪಲ್ಲವಿಯ ಎರಡನೆಯ ಸಾಲಿನಲ್ಲಿ ಮಾಡಿದರೆ ಹೊಸ ಸಾಹಿತ್ಯ ಬರುವ ಹೊತ್ತಿಗೆ ಕಿವಿ ಹೊಂದಿಕೊಂಡಿರುತ್ತದೆ.

ಮೂರನೆಯ ಚರಣದ ಮೊದಲ ಎರಡು ಆವರ್ತಗಳಲ್ಲಿ ಎಲ್ಲ ವಾದ್ಯಗಳೂ ನಿಲ್ಲುತ್ತವೆ. ಒಬ್ಬರು ಸಾಲನ್ನು ಹಾಡಿ, ಗುಂಪು ಬರಿಯ ದನಿಯಲ್ಲಿ ಉತ್ತರಿಸುತ್ತದೆ. ಮೂರನೆಯ ಆವರ್ತದ ಸಮಕ್ಕೆ ಭಜನಿ ಠೇಕಾ ಮರಳಿದಾಗ, ತಬಲಾ ಮೊದಲಿಗಿಂತ ಒಂದಿಷ್ಟೂ ಗಟ್ಟಿಯಾಗಿ ನುಡಿಯದಿದ್ದರೂ ಏರಿದಂತೆ ಕೇಳಿಸುತ್ತದೆ. ಈ ಎರಡು ಖಾಲಿ ಆವರ್ತಗಳು ಪೂರ್ತಿ ಏರಿಕೆಯಲ್ಲೇ ಅತಿ ಹೆಚ್ಚು ಫಲ ಕೊಡುವ ಭಾಗ, ಅಭ್ಯಾಸದಲ್ಲಿ ಅತಿ ಹೆಚ್ಚು ಕೆಡುವ ಭಾಗವೂ ಹೌದು, ಏಕೆಂದರೆ ವಾದ್ಯವಿಲ್ಲದಾಗ ಗುಂಪು ಓಡುತ್ತದೆ. ತಬಲಾ ವಾದಕರು ತೊಡೆಯ ಮೇಲೆ ಕಾಣುವಂತೆ ತಾಳ ಹಾಕುತ್ತಿದ್ದರೆ ಸಾಕಾಗುತ್ತದೆ. ಚರಣದ ಉಳಿದ ಭಾಗದಲ್ಲಿ ಕೈತಾಳ ಎರಡೆರಡು ಎಣಿಕೆಗೊಮ್ಮೆ ಬೀಳುತ್ತದೆ, ಚಿಟಿಕೆ ಅದರ ನಡುವಿನ ಎಣಿಕೆಗಳನ್ನು ಹಿಡಿಯುತ್ತದೆ.

35ನೆಯ ಆವರ್ತದಿಂದ ಪಲ್ಲವಿಯ ಆವರ್ತನೆ. ಈಗ ಕೆಹರವಾ ದುಗುಣದಲ್ಲಿ, ಸಾಲಿಗೆರಡು ಆವರ್ತದಂತೆ. ತೆರೆದ ತಾಳ ಪ್ರತಿ ಎಣಿಕೆಗೆ. ಕೇಳುಗರು ಬಯಸಿದರೆ ಚಪ್ಪಾಳೆ. ಕಾಲವನ್ನು 76ರವರೆಗೆ ಬಿಡಬಹುದು. ಕೊನೆಯ 11 ಆವರ್ತಗಳು 76ರಲ್ಲಿ ನಡೆದರೆ ಇಡೀ ಹಾಡು ಸುಮಾರು ನಾಲ್ಕು ಸೆಕೆಂಡು ಮಾತ್ರ ಗಿಡ್ಡವಾಗುತ್ತದೆ, ಆದರೆ ಎಲ್ಲರಿಗೂ ಏರಿದ ಅನುಭವವಾಗುತ್ತದೆ. ತಬಲಾ ವಾದಕರು ಇಲ್ಲಿ ಲಗ್ಗಿಗೆ, ಅಂದರೆ ದಟ್ಟವಾದ ಚುರುಕು ಪೆಟ್ಟುಗಳಿಗೆ, ಹೋಗಲು ಬಯಸುವುದು ಸಹಜ. ಎಂಟು ಆವರ್ತಗಳಲ್ಲಿ ಕೊನೆಯ ಎರಡಕ್ಕೆ ಅದನ್ನು ಬಿಟ್ಟುಕೊಟ್ಟರೆ ಸಾಕು.

ಮುಕ್ತಾಯಕ್ಕೆ ಎರಡು ದಾರಿಗಳಿವೆ. ಕೊನೆಯ ಪದವನ್ನು ಮೂರು ಬಾರಿ ಹೇಳಿ ಒಂದೇ ತುಣುಕನ್ನು ಮೂರು ಬಾರಿ ನುಡಿಸುವ ತಿಹಾಯಿಯೊಂದಿಗೆ ಸಮಕ್ಕೆ ಬಂದು ನಿಲ್ಲಿಸುವುದು ಒಂದು. ಹಾಡಿನ ಬೆನ್ನಿಗೇ ಮಂಗಳಾರತಿ ಅಥವಾ ಜಯಘೋಷ ಇದ್ದರೆ ಇದೇ ಸರಿ. ಹಾಡು ಮುಗಿದ ಮೇಲೆ ಧ್ಯಾನಕ್ಕೆ ಕೂರುವುದಿದ್ದರೆ 43 ಮತ್ತು 44ನೆಯ ಆವರ್ತಗಳಲ್ಲಿ ಭಜನಿ ಠೇಕಾಕ್ಕೆ ಹಿಂದಿರುಗಿ, 45ನೆಯದರ ಸಮದಲ್ಲಿ ತಬಲಾ ಒಂದು ಪೆಟ್ಟು ಕೊಟ್ಟು ನಿಂತು, ಕೊನೆಯ ಸಾಲನ್ನು ದನಿಗಳಿಗೆ ಬಿಡಬೇಕು. ಕಾಲವನ್ನು ಎಳೆದು ನಿಲ್ಲಿಸುವ ಮೂರನೆಯ ಪದ್ಧತಿಯನ್ನು ಗುಂಪಿಗೆ ನಾನು ಸೂಚಿಸುವುದಿಲ್ಲ; ಎಷ್ಟು ಎಳೆಯಬೇಕೆಂಬುದು ಹದಿನೈದು ಜನರಲ್ಲಿ ಇಬ್ಬರಿಗೂ ಒಂದೇ ಆಗಿರುವುದಿಲ್ಲ, ಕೊನೆಯ 'ಗಿ' ಮೂರು ಕಡೆ ಮುಗಿಯುತ್ತದೆ.